ಹಳೇ ಪಿಎಸ್4 ಮಾರುವಾಗ ವಿವರದಲ್ಲಿ ಏನು ಬರೆಯಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತುಮಕೂರಿನವನು. ನನ್ನ ಪಿಎಸ್4 ಸ್ಲಿಮ್ ಮಾರಿದ ಮೇಲೆ ಗೆಳೆಯರು, ಅವರ ಗೆಳೆಯರು ತಮ್ಮ ಕನ್ಸೋಲ್‌ಗೂ ವಿವರ ಬರೆದುಕೊಡು ಅಂತ ಕೇಳೋಕೆ ಶುರು ಮಾಡಿದರು. ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ಇಲ್ಲಿ ಹೇಳುವುದೆಲ್ಲ ಪಿಎಸ್4 ಸ್ಲಿಮ್ ಬಗ್ಗೆ. ಪಿಎಸ್5ನಲ್ಲಿ ಮುಖ್ಯವಾದ ವ್ಯತ್ಯಾಸ ಇರುವ ಕಡೆ ಅದನ್ನೂ ಹೇಳಿದ್ದೇನೆ.

## ಶುರುವಿನಲ್ಲೇ ಬರುವ ಪ್ರಶ್ನೆಗಳು

"ಅಷ್ಟುದ್ದ ಬರೀಬೇಕಾ? 'ಗುಡ್ ಕಂಡೀಶನ್' ಅಂತ ಹಾಕಿದ್ರೆ ಸಾಲ್ದಾ?"

ಸಾಲದು. ನಾನೂ ಮೊದಲು ಹಾಗೇ ಬರೆದಿದ್ದೆ: "ಗುಡ್ ಕಂಡೀಶನ್, ಸ್ವಲ್ಪ ಸೌಂಡ್ ಬರುತ್ತೆ." ಅದನ್ನು ನೋಡಿ ಶಿರಾದಿಂದ ಒಬ್ಬ ಹುಡುಗ ಬಸ್ಸು ಹತ್ತಿ ಬಂದ. ದುಡ್ಡು ಎಣಿಸಿಕೊಂಡೇ ಬಂದಿದ್ದ. ಮನೆಯಲ್ಲಿ ಕೂತು ಆಡಿದ, ಅರ್ಧ ಗಂಟೆ ಎಲ್ಲ ಚೆನ್ನಾಗಿತ್ತು. ಆಮೇಲೆ ಫ್ಯಾನ್ ಜೋರಾಯಿತು. ಅವನು ನನ್ನ ಮುಖ ನೋಡಿದ, "ಅಣ್ಣ, ಇದು ಸ್ವಲ್ಪ ಅಲ್ಲ" ಅಂದ. ತಗೊಳ್ಳದೆ ಎದ್ದು ಹೋದ. ನಾನು ಸುಳ್ಳು ಬರೆದಿರಲಿಲ್ಲ. ಆದರೆ ನನ್ನ "ಸ್ವಲ್ಪ" ಬೇರೆ, ಅವನ "ಸ್ವಲ್ಪ" ಬೇರೆ. ಅವನ ಒಂದು ದಿನ ಹಾಳಾಯಿತು, ಬಸ್ ಚಾರ್ಜೂ ಹೋಯಿತು. ಅವತ್ತೇ ರಾತ್ರಿ ವಿವರವನ್ನು ಪೂರ್ತಿ ಹೊಸದಾಗಿ ಬರೆದೆ.

ಅವತ್ತಿಂದ ನಾನು ನೋಡುವುದು ಇಷ್ಟೇ. ತಗೊಂಡವರು ಮೊದಲ ಸಂಜೆ ಏನೇನು ಕಾಣುತ್ತಾರೋ, ಕೇಳಿಸಿಕೊಳ್ಳುತ್ತಾರೋ, ಅದೆಲ್ಲ ಅವರು ಮನೆ ಬಿಡುವ ಮೊದಲೇ ಓದಲು ಸಿಗಬೇಕು.

"ನಂದು ಯಾವ ಮಾಡೆಲ್ ಅಂತ ಎಲ್ಲಿ ನೋಡ್ಲಿ?"

ಕನ್ಸೋಲ್ ತಿರುಗಿಸಿ. ಅದರ ಮೇಲಿರುವ ಚೀಟಿಯಲ್ಲಿ CUH ಅಂತ ಶುರುವಾಗುವ ನಂಬರ್ ಇರುತ್ತದೆ. CUH-10, 11, 12 ಅಂತ ಇದ್ದರೆ 2013ರಲ್ಲಿ ಬಂದ ದಪ್ಪ ಪಿಎಸ್4ನ ಸಾಲು. CUH-20, 21, 22 ಇದ್ದರೆ ಸ್ಲಿಮ್. CUH-70, 71, 72 ಇದ್ದರೆ ಪ್ರೊ. ಪಿಎಸ್5 ಆದರೆ CFI ಅಂತ ಇರುತ್ತದೆ. ಈ ನಂಬರನ್ನು ವಿವರದ ಮೊದಲ ಸಾಲಲ್ಲೇ ಹಾಕಿ, ಜೊತೆಗೆ 500 ಜಿಬಿನಾ 1 ಟಿಬಿನಾ ಅಂತಲೂ ಬರೆಯಿರಿ. ಹಾರ್ಡ್ ಡಿಸ್ಕ್ ನೀವೇ ಬದಲಿಸಿದ್ದರೆ ಅದನ್ನೂ ಹೇಳಿ. ಚೀಟಿಯಲ್ಲಿ ಒಂದು, ಒಳಗೆ ಇನ್ನೊಂದು ಇದ್ದರೆ ಕೊಳ್ಳುವವರಿಗೆ ಅನುಮಾನ ಬರುವುದು ಸಹಜ ಅಲ್ವಾ?

"ಕಂಡೀಶನ್ ಬರೆಯೋಕೆ ಮುಂಚೆ ಏನೇನು ಚೆಕ್ ಮಾಡ್ಬೇಕು?"

ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ನೆನಪಿನಿಂದ ಬರೆದರೆ ತಪ್ಪಾಗುತ್ತದೆ, ಯಾಕಂದರೆ ದಿನಾ ಆಡುವವರ ಕಿವಿಗೆ ಆ ಸದ್ದು ರೂಢಿಯಾಗಿಬಿಟ್ಟಿರುತ್ತದೆ.

ಮೊದಲು ಫ್ಯಾನ್. ಕನ್ಸೋಲ್ ಪೂರ್ತಿ ತಣ್ಣಗಿರುವಾಗ ಆನ್ ಮಾಡಿ, ಭಾರದ ಗೇಮ್ ಒಂದನ್ನು ಹಾಕಿ, ಟಿವಿ ಮ್ಯೂಟ್ ಮಾಡಿ, ಮುಕ್ಕಾಲು ಗಂಟೆ ಆಡಿ. ಸದ್ದು ಯಾವಾಗ ಶುರುವಾಯಿತು ಅಂತ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ನನ್ನದರಲ್ಲಿ 35ನೇ ನಿಮಿಷಕ್ಕೆ ಶುರುವಾಗಿತ್ತು. ಆಗ ನೀವು ಕೂತ ಜಾಗದಿಂದಲೇ ಫೋನಿನಲ್ಲಿ ಹತ್ತು ಸೆಕೆಂಡಿನ ವಿಡಿಯೋ ತೆಗೆಯಿರಿ. ನಮ್ಮ ಕಡೆಯ ಧೂಳಿಗೆ ಇದು ಸಾಮಾನ್ಯ. ಒಳಗೆ ಧೂಳು ಕೂತಿರುತ್ತದೆ, ಇಲ್ಲವೇ ಚಿಪ್ಪಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿರುತ್ತದೆ. ಬಿಸಿ ಹೊರಗೆ ಹೋಗದಿದ್ದರೆ ಫ್ಯಾನ್ ಜೋರಾಗಿ ತಿರುಗಲೇಬೇಕು. ಸದ್ದಿದ್ದೂ ಗೇಮ್ ನಿಲ್ಲದೆ ನಡೆದರೆ ಅದು ಒಂದು ಮಾತು. ಬಿಸಿ ಜಾಸ್ತಿ ಆಗಿದೆ ಅಂತ ಪರದೆಯಲ್ಲಿ ಸೂಚನೆ ಬಂದು ಆಫ್ ಆದರೆ ಅದು ಬೇರೆಯೇ ಮಾತು. ಎರಡನ್ನೂ "ಸೌಂಡ್ ಬರುತ್ತೆ" ಅನ್ನೋ ಒಂದೇ ಪದದಲ್ಲಿ ಮುಚ್ಚಬೇಡಿ.

ಆಮೇಲೆ ಡಿಸ್ಕ್. ಐದು ಸಲ ಹಾಕಿ, ಐದು ಸಲ ತೆಗೆಯಿರಿ. ಒಂದು ಸಲ ಸಿಕ್ಕಿಹಾಕಿಕೊಂಡರೂ "ಐದರಲ್ಲಿ ಒಂದು ಸಲ ಹೊರಗೆ ಬರಲಿಲ್ಲ" ಅಂತ ಬರೆಯಿರಿ. ಎಚ್‌ಡಿಎಂಐ ಕೇಬಲ್ಲನ್ನು ಮೆಲ್ಲಗೆ ಅಲ್ಲಾಡಿಸಿ, ಚಿತ್ರ ಹೋಗಿ ಬಂದರೆ ಪೋರ್ಟ್ ಸಡಿಲ ಇದೆ ಅಂತ ಅರ್ಥ. ಮುಂದಿನ ಎರಡೂ ಯುಎಸ್‌ಬಿ ಪೋರ್ಟ್‌ಗಳಲ್ಲಿ ಕಂಟ್ರೋಲರ್ ಚಾರ್ಜ್ ಆಗುತ್ತಾ ನೋಡಿ.

ಕರೆಂಟ್ ಹೋಗಿ ಕನ್ಸೋಲ್ ಥಟ್ಟನೆ ಆಫ್ ಆದರೆ, ಮತ್ತೆ ಆನ್ ಮಾಡಿದಾಗ ಸರಿಯಾಗಿ ಆಫ್ ಆಗಿಲ್ಲ ಅಂತ ಹೇಳಿ ಅದು ಸ್ಟೋರೇಜ್ ಪರೀಕ್ಷೆ ಮಾಡುತ್ತದೆ. ಕರೆಂಟ್ ಹೋದಾಗ ಮಾತ್ರ ಹೀಗಾದರೆ ಗಾಬರಿ ಬೇಡ. ಸರಿಯಾಗಿ ಆಫ್ ಮಾಡಿದರೂ ಪ್ರತಿ ಸಲ ಆ ಪರದೆ ಬಂದರೆ ಏನೋ ತೊಂದರೆ ಇದೆ, ಹಾರ್ಡ್ ಡಿಸ್ಕಿನದೇ ಇರಬಹುದು. ಮುಚ್ಚಿಡದೆ ಬರೆಯಿರಿ.

"ಕಂಟ್ರೋಲರ್ ಡ್ರಿಫ್ಟ್ ಇದೆ. ಅದನ್ನ ಬರೆದ್ರೆ ಯಾರು ತಗೋತಾರೆ?"

ತಗೋತಾರೆ. ಡ್ರಿಫ್ಟ್ ಅಂದರೆ ಸ್ಟಿಕ್ ಮುಟ್ಟದೆ ಇದ್ದರೂ ಆಟಗಾರ ತಾನಾಗೇ ನಡೆಯುವುದು, ಕ್ಯಾಮೆರಾ ತಾನಾಗೇ ತಿರುಗುವುದು. ಕಂಟ್ರೋಲರನ್ನು ಮೇಜಿನ ಮೇಲಿಟ್ಟು ಕೈ ತೆಗೆದು ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಅಷ್ಟು ಬೇಗ ಗೊತ್ತಾಗುವುದನ್ನು ಮುಚ್ಚಿಟ್ಟರೆ, ಕೊಳ್ಳುವವರು ಉಳಿದ ಮಾತನ್ನೂ ನಂಬುವುದಿಲ್ಲ.

ಬರೆಯುವಾಗ ಯಾವ ಸ್ಟಿಕ್, ಯಾವ ಕಡೆಗೆ ಅಂತ ಹೇಳಿ. "ಎರಡನೇ ಕಂಟ್ರೋಲರ್: ಎಡ ಸ್ಟಿಕ್ ಮೇಲಕ್ಕೆ ನಿಧಾನವಾಗಿ ಎಳೆಯುತ್ತದೆ, ಕ್ರಿಕೆಟ್ ಆಡಬಹುದು, ಗುರಿಯಿಟ್ಟು ಹೊಡೆಯುವ ಗೇಮ್‌ಗೆ ಆಗುವುದಿಲ್ಲ." ಇಷ್ಟು ಬರೆದರೆ ರಿಪೇರಿ ಮಾಡಿಸಿಕೊಳ್ಳುವವರು ಲೆಕ್ಕ ಹಾಕಿಕೊಂಡೇ ಬರುತ್ತಾರೆ. ಬ್ಯಾಟರಿಯೂ ಅಷ್ಟೇ. ಪೂರ್ತಿ ಚಾರ್ಜ್ ಮಾಡಿ ಎಷ್ಟು ಹೊತ್ತು ಬಂತು ಅಂತ ಗಂಟೆಯಲ್ಲಿ ಹೇಳಿ.

## ಜೊತೆಗೆ ಏನು ಕೊಡ್ತೀರಿ, ವಾರಂಟಿ ಏನು

"'ಎಲ್ಲ ಆಕ್ಸೆಸರೀಸ್ ಇದೆ' ಅಂತ ಹಾಕಿದ್ದೀನಿ, ಆದ್ರೂ ಫೋನ್ ಮೇಲೆ ಫೋನ್ ಯಾಕೆ?"

"ಎಲ್ಲ" ಅಂದರೆ ಏನು ಅಂತ ಅವರಿಗೆ ಗೊತ್ತಾಗುತ್ತಿಲ್ಲ. ಸ್ಲಿಮ್ ಡಬ್ಬಿಯಲ್ಲಿ ಬರುವುದು ಕನ್ಸೋಲ್, ಒಂದು ಕಂಟ್ರೋಲರ್, ಎಚ್‌ಡಿಎಂಐ ಕೇಬಲ್, ಪವರ್ ಕೇಬಲ್, ಚಾರ್ಜಿಂಗ್ ಯುಎಸ್‌ಬಿ ಕೇಬಲ್, ಒಂದು ಕಿವಿಯ ಸಣ್ಣ ಹೆಡ್‌ಸೆಟ್. ಇವನ್ನೆಲ್ಲ ಒಂದು ಟವೆಲ್ ಮೇಲೆ ಹರಡಿ ಒಂದೇ ಫೋಟೋ ತೆಗೆಯಿರಿ. ಪ್ರತಿಯೊಂದರ ಮುಂದೆ ಕಂಪನಿಯದಾ, ಆಮೇಲೆ ಹೊರಗೆ ತಗೊಂಡಿದ್ದಾ ಅಂತ ಬರೆಯಿರಿ. ಇಲ್ಲದ್ದನ್ನೂ ಹೆಸರಿಟ್ಟು ಹೇಳಿ. "ಹೆಡ್‌ಸೆಟ್ ಇಲ್ಲ, ಡಬ್ಬಿ ಇಲ್ಲ" ಅನ್ನುವ ಒಂದು ಸಾಲು ಹತ್ತು ಫೋನ್ ಉಳಿಸುತ್ತದೆ.

ಡಿಸ್ಕ್‌ಗಳಿದ್ದರೆ ಪ್ರತಿಯೊಂದರ ಹಿಂಭಾಗವನ್ನು ಬೆಳಕಿಗೆ ಓರೆ ಹಿಡಿದು ಫೋಟೋ ತೆಗೆಯಿರಿ, ಗೀರು ಕಾಣಲಿ. ಡಬ್ಬಿಯೊಳಗೆ ಬರುವ ಕೋಡ್ ಚೀಟಿಯನ್ನು ನೀವು ಬಳಸಿಬಿಟ್ಟಿದ್ದರೆ ಅದನ್ನೂ ಹೇಳಬೇಕು. ಆ ಕೋಡ್ ಒಂದೇ ಸಲ ಕೆಲಸ ಮಾಡುವುದು.

"ಸಾರ್, ವಾರಂಟಿ ಕಾಲಂನಲ್ಲಿ ಏನ್ ಬರೀಲಿ?"

ಭಾರತದಲ್ಲಿ ಕಂಪನಿ ವಾರಂಟಿ ಬಿಲ್ ತಾರೀಖಿನಿಂದ ಒಂದು ವರ್ಷ. ಅದು ಮುಗಿದಿದ್ದರೆ "ಕಂಪನಿ ವಾರಂಟಿ ಮುಗಿದಿದೆ" ಅಂತ ಬರೆದು ಮುಂದಕ್ಕೆ ಹೋಗಿ. ಉಳಿದಿದ್ದರೆ ಮುಗಿಯುವ ತಾರೀಖು ಹಾಕಿ, ಅಸಲಿ ಬಿಲ್ ಕೈಗೆ ಕೊಡುತ್ತೀರಾ ಅಂತ ಹೇಳಿ. ಬಿಲ್ ಇಲ್ಲದ ವಾರಂಟಿ ನಂಬಿ ಯಾರೂ ದುಡ್ಡು ಕೊಡಬಾರದು. ದುಬೈಯಿಂದಲೋ ಇನ್ನೆಲ್ಲಿಂದಲೋ ಯಾರೋ ತಂದುಕೊಟ್ಟ ಕನ್ಸೋಲ್ ಆದರೆ ಅದನ್ನು ಖಂಡಿತ ಬರೆಯಿರಿ, ಯಾಕಂದರೆ ಹೊರಗೆ ಕೊಂಡಿದ್ದಕ್ಕೆ ಇಲ್ಲಿಯ ವಾರಂಟಿ ಸಿಗುತ್ತದೆ ಅಂತ ಲೆಕ್ಕ ಹಾಕುವ ಹಾಗಿಲ್ಲ.

ಕನ್ಸೋಲ್ ಬಿಚ್ಚಿಸಿದ್ದರೆ? ಸ್ಕ್ರೂ ಮೇಲಿನ ಸೀಲ್ ಸ್ಟಿಕರ್ ಹರಿದಿರುತ್ತದೆ. ಅದರ ಹತ್ತಿರದ ಫೋಟೋ ಹಾಕಿ. "ಒಂದು ಸಲ ಧೂಳು ತೆಗೆಸಿದ್ದೇನೆ, ಸ್ಟಿಕರ್ ಹರಿದಿದೆ" ಅಂದರೆ ಕೊಳ್ಳುವವರಿಗೆ ಅದು ಒಳ್ಳೆಯ ಸುದ್ದಿಯೇ ಆಗಬಹುದು. ಅವರೇ ಹರಿದ ಸ್ಟಿಕರ್ ಕಂಡುಹಿಡಿದರೆ ಮಾತ್ರ ಕೆಟ್ಟ ಸುದ್ದಿ.

"ಒಂದು ವಾರ ನಾನೇ ಗ್ಯಾರಂಟಿ ಕೊಡ್ತೀನಿ ಅಂತ ಬರೀಬಹುದಾ?"

ಬರೆಯಬಹುದು, ಆದರೆ ಅದಕ್ಕೆ ವಾರಂಟಿ ಅನ್ನಬೇಡಿ. ಏನಾದರೆ ವಾಪಸ್ ತಗೋತೀರಿ ಅಂತ ಬಿಡಿಸಿ ಹೇಳಿ. ನಾನು ಬರೆದಿದ್ದು ಹೀಗೆ: "ಏಳು ದಿನದೊಳಗೆ ಆನ್ ಆಗದಿದ್ದರೆ, ಡಿಸ್ಕ್ ಓದದಿದ್ದರೆ, ತಾನಾಗಿ ಆಫ್ ಆದರೆ ಪೂರ್ತಿ ದುಡ್ಡು ವಾಪಸ್. ಬಿದ್ದಿದ್ದು, ನೀರು ಹೋಗಿದ್ದು, ಬಿಚ್ಚಿದ್ದು ಇದಕ್ಕೆ ಸೇರುವುದಿಲ್ಲ." ಕೊಡುವ ದಿನ ಇಬ್ಬರೂ ಸೇರಿ ಸೀರಿಯಲ್ ನಂಬರ್ ಮತ್ತು ಸ್ಕ್ರೂಗಳ ಫೋಟೋ ತೆಗೆದಿಟ್ಟುಕೊಂಡರೆ ಆಮೇಲೆ ಜಗಳವಿಲ್ಲ.

"ಸೀರಿಯಲ್ ನಂಬರ್ ಫೋಟೋ ಹಾಕ್ಲಾ?"

ಎಲ್ಲರಿಗೂ ಕಾಣುವ ಫೋಟೋದಲ್ಲಿ ಬೇಡ. ಖಾತೆ ಕೈತಪ್ಪಿದಾಗ ಸಪೋರ್ಟಿನವರು ನೀವೇನಾ ಅಂತ ಖಾತ್ರಿ ಮಾಡಿಕೊಳ್ಳಲು ಕನ್ಸೋಲಿನ ಸೀರಿಯಲ್ ಕೇಳುವುದುಂಟು. ಅದು ಬೇರೆಯವರ ಕೈಗೆ ಸುಮ್ನೆ ಯಾಕೆ? ಕೊನೆಯ ನಾಲ್ಕು ಅಂಕಿ ಮುಚ್ಚಿ. ಬಿಲ್ ಫೋಟೋದಲ್ಲಿ ನಿಮ್ಮ ಹೆಸರು, ಫೋನ್ ನಂಬರ್, ವಿಳಾಸ ಮುಚ್ಚಿ. ಮನೆಗೆ ಬಂದು ನೋಡುವವರಿಗೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ, ಬಿಲ್‌ನಲ್ಲಿರುವ ಸೀರಿಯಲ್ಲೂ ಕನ್ಸೋಲಿನದೂ ಒಂದೇನಾ ಅಂತ ಅವರೇ ಓದಿ ನೋಡಲಿ.

## ಖಾತೆ ತೆಗೆಯುವುದು

"ಯೂಸರ್ ಡಿಲೀಟ್ ಮಾಡಿದ್ದೀನಿ, ಅಷ್ಟು ಸಾಕಲ್ವಾ?"

ಇಲ್ಲ. ಜಾಸ್ತಿ ಜನ ತಪ್ಪುವುದು ಇಲ್ಲೇ. ನಿಮ್ಮ ಪಿಎಸ್‌ಎನ್ ಖಾತೆ ಒಂದು ಪಿಎಸ್4 ಅನ್ನು ತನ್ನ ಪ್ರೈಮರಿ ಅಂತ ಗುರುತಿಟ್ಟುಕೊಂಡಿರುತ್ತದೆ. ಆ ಗುರುತು ಸರ್ವರ್‌ನಲ್ಲಿ ಇರುವುದು. ನೀವು ಕನ್ಸೋಲಿನಲ್ಲಿ ಎಲ್ಲ ಅಳಿಸಿಬಿಟ್ಟರೂ ಸರ್ವರ್‌ನ ಲೆಕ್ಕದಲ್ಲಿ ಆ ಪೆಟ್ಟಿಗೆ ಇನ್ನೂ ನಿಮ್ಮದೇ ಆಗಿ ಉಳಿಯಬಹುದು. ಆಮೇಲೆ ಹೊಸ ಪಿಎಸ್4 ತಂದು ಪ್ರೈಮರಿ ಮಾಡಲು ಹೋದಾಗ, ಬೇರೆ ಕನ್ಸೋಲ್ ಈಗಾಗಲೇ ಇದೆ ಅನ್ನುತ್ತದೆ. ಹಾಗಾಗಿ ಕೆಲಸ ಈ ಕ್ರಮದಲ್ಲೇ ಆಗಬೇಕು.

ಮೊದಲು ಸೇವ್ ಡೇಟಾ. ಬೇಕಿದ್ದರೆ Settings > Application Saved Data Management ಒಳಗೆ ಹೋಗಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ಪೆನ್‌ಡ್ರೈವ್ FAT32 ಅಥವಾ exFAT ಆಗಿರಬೇಕು. ಟ್ರೋಫಿಗಳನ್ನೂ ಸರ್ವರ್‌ಗೆ ಸಿಂಕ್ ಮಾಡಿಬಿಡಿ.

ಎರಡನೆಯದು ಪ್ರೈಮರಿ ಬಿಡಿಸುವುದು. ಇಂಟರ್ನೆಟ್ ಇರಬೇಕು. Settings > Account Management > Activate as Your Primary PS4 ಗೆ ಹೋಗಿ Deactivate ಒತ್ತಿ. ಮನೆಯಲ್ಲಿ ತಮ್ಮನದೋ ಅಕ್ಕನದೋ ಖಾತೆ ಪ್ರೈಮರಿ ಆಗಿದ್ದರೆ ಅವರ ಯೂಸರ್‌ಗೆ ಹೋಗಿ ಅದನ್ನೂ ಬಿಡಿಸಬೇಕು. ಇದನ್ನು ಮರೆಯುವವರು ಬಹಳ.

ಮೂರನೆಯದು, ಒಳಗಿರುವ ಡಿಸ್ಕ್ ತೆಗೆದು, Settings > Initialization > Initialize PS4. ಇಲ್ಲಿ Quick ಮತ್ತು Full ಅಂತ ಎರಡು ಬರುತ್ತದೆ. Quick ಕೆಲವು ನಿಮಿಷದ ಕೆಲಸ, ಆದರೆ ಅಳಿಸಿದ್ದನ್ನು ಉಪಕರಣ ಇದ್ದವರು ವಾಪಸ್ ತೆಗೆಯಲು ಸಾಧ್ಯ. Full ಗಂಟೆಗಟ್ಟಲೆ ಹಿಡಿಯುತ್ತದೆ. ಮಾರುವವರು Full ಮಾಡಬೇಕು. ನಡುವೆ ಕರೆಂಟ್ ಹೋದರೆ ಸಿಸ್ಟಂ ಸಾಫ್ಟ್‌ವೇರನ್ನೇ ಮತ್ತೆ ಹಾಕಬೇಕಾದ ಪರಿಸ್ಥಿತಿ ಬರಬಹುದು, ಅದಕ್ಕೇ ನಾನು ಇನ್ವರ್ಟರ್ ಪಾಯಿಂಟಿಗೆ ಹಾಕಿ ರಾತ್ರಿ ಬಿಟ್ಟು ಮಲಗಿದೆ. ಬೆಳಿಗ್ಗೆ ಎದ್ದಾಗ ಟಿವಿಯಲ್ಲಿ ಭಾಷೆ ಆರಿಸುವ ಮೊದಲ ದಿನದ ಪರದೆ ನಿಂತಿತ್ತು. ಆ ಪರದೆಯ ಫೋಟೋ ವಿವರಕ್ಕೆ ಸೇರಿಸಿ, ಹೇಳುವುದೆಲ್ಲ ಅದರಲ್ಲೇ ಇದೆ.

ಪಿಎಸ್5ನಲ್ಲಿ Settings > Users and Accounts > Other > Console Sharing and Offline Play ಒಳಗೆ Disable ಮಾಡಿ, ಆಮೇಲೆ Settings > System > System Software > Reset Options > Reset Your Console.

"ಎಲ್ಲ ಅಳಿಸಿದ್ಮೇಲೆ ಬಂದವರಿಗೆ ಗೇಮ್ ಹೇಗೆ ಆಡಿ ತೋರ್ಸೋದು?"

ಡಿಸ್ಕ್ ಇದ್ದರೆ ಸುಲಭ. Full ಮುಗಿದ ಮೇಲೆ ಪಿಎಸ್‌ಎನ್ ಖಾತೆ ಹಾಕದೆ ಬರೀ ಲೋಕಲ್ ಯೂಸರ್ ಒಂದನ್ನು ಮಾಡಿ. ಡಿಸ್ಕ್ ಹಾಕಿ ಗೇಮ್ ಇನ್‌ಸ್ಟಾಲ್ ಆಗಲು ಬಿಡಿ. ಇದಕ್ಕೆ ಹೊತ್ತು ಹಿಡಿಯುತ್ತದೆ, ಅವರು ಬರುವ ಮೊದಲೇ ಮುಗಿಸಿಡಿ. ಅವರು ಬಂದು ಬೇಕಾದಷ್ಟು ಹೊತ್ತು ಆಡಿ ನೋಡಲಿ. ಒಪ್ಪಿದ ಮೇಲೆ ಅವರೆದುರೇ Quick ಮಾಡಿ ಕೊಡಿ. ನಿಮ್ಮ ಖಾತೆ ಆ ಲೋಕಲ್ ಯೂಸರ್‌ನಲ್ಲಿ ಇರಲೇ ಇಲ್ಲವಲ್ಲ, ಹಾಗಾಗಿ Quick ಸಾಕು.

"ಅಕೌಂಟ್ ಸಮೇತ ಕೊಡಿ, ಎರಡು ಸಾವಿರ ಜಾಸ್ತಿ ಕೊಡ್ತೀನಿ ಅಂತಾರೆ. ಕೊಡ್ಲಾ?"

ಬೇಡ. ಡಿಜಿಟಲ್ ಆಗಿ ಕೊಂಡ ಗೇಮ್‌ಗಳು ಖಾತೆಗೆ ಅಂಟಿರುತ್ತವೆ, ಆ ಖಾತೆಯನ್ನು ಇನ್ನೊಬ್ಬರಿಗೆ ಮಾರಲು ನಿಯಮದಲ್ಲಿ ಅವಕಾಶವಿಲ್ಲ. ಅದರಲ್ಲಿ ನಿಮ್ಮ ಇಮೇಲ್ ಇದೆ, ಕಾರ್ಡ್ ಇರಬಹುದು. ಕೊಂಡವರಿಗೂ ನಷ್ಟವೇ, ಯಾಕಂದರೆ ಮೊದಲ ಮಾಲೀಕ ಬೇಕೆಂದಾಗ ಪಾಸ್‌ವರ್ಡ್ ಬದಲಿಸಿ ವಾಪಸ್ ತಗೊಳ್ಳಬಹುದು. "60 ಗೇಮ್ ಲೋಡ್ ಆಗಿದೆ" ಅಂತ ವಿವರದಲ್ಲಿ ಹಾಕುವುದೂ ಇದೇ ಜಾತಿಯ ತಪ್ಪು. ಖಾತೆ ತೆಗೆದ ಕೂಡಲೇ ಆ 60 ಹೋಗುತ್ತವೆ. ವಿವರದಲ್ಲಿ ಡಿಸ್ಕ್‌ಗಳನ್ನು ಮಾತ್ರ ಎಣಿಸಿ.

"ಪೂರ್ತಿ ವಿವರ ಹೇಗಿರ್ಬೇಕು, ಒಂದು ತೋರ್ಸಿ"

ಶಿರಾದ ಹುಡುಗ ಹೋದ ಮೇಲೆ ನಾನು ಬರೆದಿದ್ದು ಇದು.

> ಪಿಎಸ್4 ಸ್ಲಿಮ್, 1 ಟಿಬಿ, CUH-22 ಸಾಲಿನದು. 2019ರಲ್ಲಿ ತುಮಕೂರಿನಲ್ಲೇ ಕೊಂಡಿದ್ದು, ನಾನೊಬ್ಬನೇ ಬಳಸಿದ್ದು. ಅಸಲಿ ಬಿಲ್ ಕೊಡುತ್ತೇನೆ. ಕಂಪನಿ ವಾರಂಟಿ ಮುಗಿದಿದೆ.
>
> ತೊಂದರೆಗಳು ಮೊದಲು: ಭಾರದ ಗೇಮ್ ಆಡಿದರೆ 35 ನಿಮಿಷದ ಮೇಲೆ ಫ್ಯಾನ್ ಜೋರಾಗುತ್ತದೆ, ಟಿವಿ ಸೌಂಡ್ ಕಡಿಮೆ ಇದ್ದರೆ ಕಿರಿಕಿರಿ ಆಗುತ್ತದೆ. ವಿಡಿಯೋ ಹಾಕಿದ್ದೇನೆ. ಇವತ್ತಿನವರೆಗೆ ಬಿಸಿಗೆ ಆಫ್ ಆಗಿಲ್ಲ. ಒಳಗೆ ಧೂಳು ತೆಗೆಸಿಲ್ಲ, ಸೀಲ್ ಸ್ಟಿಕರ್ ಹಾಗೇ ಇದೆ. ಮೇಲ್ಭಾಗದಲ್ಲಿ ಬೆರಳುದ್ದ ಗೀರು, ಮೂರನೇ ಫೋಟೋ ನೋಡಿ.
>
> ಕಂಟ್ರೋಲರ್ ಎರಡು. ಕಪ್ಪುದು ಸರಿಯಿದೆ, ಚಾರ್ಜ್ ನಾಲ್ಕು ಗಂಟೆ ಬರುತ್ತದೆ. ನೀಲಿಯದರಲ್ಲಿ ಎಡ ಸ್ಟಿಕ್ ಮೇಲಕ್ಕೆ ಎಳೆಯುತ್ತದೆ, ಅದಕ್ಕೆ ದುಡ್ಡು ಲೆಕ್ಕ ಹಾಕಿಲ್ಲ.
>
> ಜೊತೆಗೆ: ಕಂಪನಿ ಪವರ್ ಕೇಬಲ್, ಹೊರಗೆ ಕೊಂಡ ಎಚ್‌ಡಿಎಂಐ, ಚಾರ್ಜಿಂಗ್ ಕೇಬಲ್, ಮೂರು ಡಿಸ್ಕ್. ಹೆಡ್‌ಸೆಟ್ ಮತ್ತು ಡಬ್ಬಿ ಇಲ್ಲ.
>
> ನನ್ನ ಖಾತೆ ಪ್ರೈಮರಿಯಿಂದ ಬಿಡಿಸಿ, ಫುಲ್ ಇನಿಷಿಯಲೈಸ್ ಮಾಡಿದ್ದೇನೆ. ಡಿಜಿಟಲ್ ಗೇಮ್ ಬರುವುದಿಲ್ಲ. ಬಂದು ಒಂದು ಗಂಟೆ ಆಡಿ ನೋಡಿ. ಬೆಲೆ 12,500.

ಗುಬ್ಬಿಯಿಂದ ಬಂದ ಒಬ್ಬರು ಮಗನನ್ನು ಕರೆದುಕೊಂಡು ಬಂದು, ಮುಕ್ಕಾಲು ಗಂಟೆ ಕೂತು, ಫ್ಯಾನ್ ಜೋರಾದ ಮೇಲೆ "ಹೇಳಿದ ಹಾಗೇ ಇದೆ" ಅಂತ ತಗೊಂಡು ಹೋದರು. ಚೌಕಾಸಿ ಮಾಡಲಿಲ್ಲ.

## ಸ್ವಲ್ಪ ತೊಡಕಿನವು

"ಮಾರಿ ಆಯ್ತು, ಆದ್ರೆ ಪ್ರೈಮರಿ ಬಿಡಿಸೋದು ಮರೆತೆ. ಈಗ?"

ಫೋನ್ ಅಥವಾ ಕಂಪ್ಯೂಟರ್‌ನಲ್ಲಿ ಪ್ಲೇಸ್ಟೇಷನ್ ಸೈಟಿಗೆ ಸೈನ್ ಇನ್ ಆಗಿ, ಖಾತೆಯ ಸೆಟ್ಟಿಂಗ್‌ನಲ್ಲಿ Device Management ತೆರೆಯಿರಿ. ಅಲ್ಲಿ ಎಲ್ಲ ಕನ್ಸೋಲನ್ನೂ ಒಟ್ಟಿಗೆ ಡಿಆ್ಯಕ್ಟಿವೇಟ್ ಮಾಡುವ ಆಯ್ಕೆ ಇದೆ. ಆದರೆ ಅದನ್ನು ಆರು ತಿಂಗಳಿಗೆ ಒಂದೇ ಸಲ ಬಳಸಬಹುದು. ಕನ್ಸೋಲ್ ಅಳಿಸದೆಯೇ ಕೊಟ್ಟಿದ್ದರೆ ಕೂಡಲೇ ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆ ಸೈನ್ ಔಟ್ ಮಾಡಿ, ಕಾರ್ಡ್ ತೆಗೆಯಿರಿ. ಆಮೇಲೆ ಕೊಂಡವರಿಗೆ ಫೋನ್ ಮಾಡಿ ವಿಷಯ ಹೇಳಿ, ಇನಿಷಿಯಲೈಸ್ ಮಾಡಿಕೊಳ್ಳಲು ಕೇಳಿ.

"ಇದು ಜೈಲ್‌ಬ್ರೇಕ್ ಆಗಿದೆ. ಹೇಳ್ಬೇಕಾ?"

ಹೇಳಲೇಬೇಕು, ಮೊದಲ ಸಾಲಲ್ಲೇ. Settings > System > System Information ನಲ್ಲಿ ಕಾಣುವ ಸಾಫ್ಟ್‌ವೇರ್ ವರ್ಶನ್ ನಂಬರನ್ನೂ ಬರೆಯಿರಿ. ಅಂಥ ಕನ್ಸೋಲ್‌ನಿಂದ ಆನ್‌ಲೈನ್ ಹೋದರೆ ಬ್ಯಾನ್ ಆಗುವ ಅಪಾಯ ಇದೆ. ಬ್ಯಾನ್ ಖಾತೆಗೆ ಮಾತ್ರ ಅಲ್ಲ, ಕನ್ಸೋಲಿಗೇ ಆಗಬಹುದು. ಆಗ ಹೊಸ ಖಾತೆ ಹಾಕಿದರೂ WS-37368-7 ಅನ್ನುವ ಎರರ್ ಬರುತ್ತದೆ. ಇನಿಷಿಯಲೈಸ್ ಮಾಡಿದರೂ ಹೋಗುವುದಿಲ್ಲ. ಬ್ಯಾನ್ ಆದ ಕನ್ಸೋಲ್ ಡಿಸ್ಕ್ ಹಾಕಿ ಆಫ್‌ಲೈನ್ ಆಡುವವರಿಗೆ ಮಾತ್ರ, ಬೆಲೆಯೂ ಅದಕ್ಕೆ ತಕ್ಕಂತೆ ಇರಲಿ.

"ಆನ್ ಆಗದೇ ಇರೋ ಪಿಎಸ್4 ಅನ್ನ ಪಾರ್ಟ್ಸ್‌ಗೆ ಮಾರ್ತಿದ್ದೀನಿ, ಖಾತೆ ಹೇಗೆ ತೆಗೀಲಿ?"

ಪ್ರೈಮರಿಯನ್ನು ಸೈಟಿನಿಂದ ಬಿಡಿಸಿ. ಆದರೆ ಒಳಗಿನ ಹಾರ್ಡ್ ಡಿಸ್ಕ್‌ನಲ್ಲಿ ನಿಮ್ಮ ಖಾತೆ ಹಾಗೇ ಕೂತಿದೆ. ಕೊಂಡವರು ರಿಪೇರಿ ಮಾಡಿ ಆನ್ ಮಾಡಿದ ದಿನ ಅದೂ ಎದ್ದು ಬರುತ್ತದೆ. ಸ್ಲಿಮ್‌ನಲ್ಲಿ ಹಾರ್ಡ್ ಡಿಸ್ಕ್ ತೆಗೆಯುವುದು ಕಷ್ಟವಲ್ಲ. ಹಿಂಭಾಗದ ಮೂಲೆಯ ಸಣ್ಣ ಮುಚ್ಚಳ ಜಾರಿಸಿ, ಒಂದು ಸ್ಕ್ರೂ ಬಿಚ್ಚಿ, ಟ್ರೇ ಹೊರಗೆ ಎಳೆದರೆ ಆಯಿತು. ಇದಕ್ಕೆ ಕನ್ಸೋಲ್ ಪೂರ್ತಿ ಬಿಚ್ಚಬೇಕಿಲ್ಲ. ಡಿಸ್ಕ್ ನೀವಿಟ್ಟುಕೊಂಡು ವಿವರದಲ್ಲಿ ಹೀಗೆ ಬರೆಯಿರಿ: "ಆನ್ ಆಗುವುದಿಲ್ಲ, ಕಾರಣ ಗೊತ್ತಿಲ್ಲ. ಹಾರ್ಡ್ ಡಿಸ್ಕ್ ತೆಗೆದಿದ್ದೇನೆ, ಟ್ರೇ ಮತ್ತು ಸ್ಕ್ರೂ ಕೊಡುತ್ತೇನೆ. ಹೊಸ ಡಿಸ್ಕ್ ಹಾಕಿದರೆ ಸಿಸ್ಟಂ ಸಾಫ್ಟ್‌ವೇರನ್ನು ಪೆನ್‌ಡ್ರೈವ್‌ನಿಂದ ಹಾಕಿಕೊಳ್ಳಬೇಕು." ಕೊನೆಯದಾಗಿ ಯಾವಾಗ ಆನ್ ಆಗಿತ್ತು, ಆಗ ಏನಾಯಿತು ಅಂತ ನೆನಪಿದ್ದಷ್ಟು ಸೇರಿಸಿ. ಗುಡುಗು ಮಳೆಯಲ್ಲಿ ಸುಟ್ಟ ವಾಸನೆ ಬಂದು ಆಫ್ ಆಯಿತಾ, ಬೀಪ್ ಆಗಿ ನೀಲಿ ಲೈಟ್ ಬಂದು ನಿಂತಿತಾ, ಏನೂ ಸದ್ದೇ ಇಲ್ಲವಾ. ರಿಪೇರಿ ಮಾಡುವವರು ಹುಡುಕುವುದು ಈ ಒಂದು ಸಾಲನ್ನೇ.